ಫೋಟೋದಲ್ಲಿನ ಬೋರ್ಡ್ ಬರಹ ಬದಲಿಸಲು: ಡಿಸ್ಟಾರ್ಟ್ ಸಾಕೋ, ವಾರ್ಪ್ ಬೇಕೋ?

ಬೋರ್ಡು ಫೋಟೋದ ನಡುವೆ ಇದ್ದರೆ ಫೋಟೋಶಾಪ್‌ನ ಡಿಸ್ಟಾರ್ಟ್ ಒಂದೇ ಸಾಕು. ಅದು ನಾಲ್ಕು ಮೂಲೆಗಳನ್ನು ಎಳೆದು ಪರ್ಸ್ಪೆಕ್ಟಿವ್ ಕೂಡಿಸುತ್ತದೆ, ಆದರೆ ನೇರ ಗೆರೆಯನ್ನು ನೇರವಾಗಿಯೇ ಉಳಿಸುತ್ತದೆ. ವೈಡ್ ಲೆನ್ಸಿನ ಫೋಟೋದ ಅಂಚಿನಲ್ಲಿ ತೊಡಕಾಗುವುದು ಅಲ್ಲೇ: ಬೋರ್ಡಿನ ಮೇಲಂಚು ಬಾಗಿರುತ್ತದೆ, ಹೊಸ ಅಕ್ಷರಗಳ ಸಾಲು ಮಾತ್ರ ಸ್ಕೇಲಿಟ್ಟು ಎಳೆದಂತೆ ನಿಲ್ಲುತ್ತದೆ.

ಯಾವುದು ಬೇಕೆಂದು ತಿಳಿಯಲು ಫೋಟೋವನ್ನು 200% ಹಿಗ್ಗಿಸಿ, ಮೇಲಂಚಿನ ಎರಡು ಮೂಲೆಗಳ ನಡುವೆ ತೆಳು ಗೆರೆ ಎಳೆಯಿರಿ. ನಡುವೆ ಅಂಚು ಗೆರೆಯಿಂದ ಕಣ್ಣಿಗೆ ಕಾಣುವಷ್ಟು ಸರಿದಿದ್ದರೆ ಡಿಸ್ಟಾರ್ಟ್ ಆದ ಮೇಲೆ ಗೆರೆಯನ್ನು ಬಾಗಿಸುವ ವಾರ್ಪ್ ಕೂಡ ಬೇಕು. ಮೂಲೆಗಳನ್ನು ಮುಟ್ಟದೆ, ಅಂಚಿನ ಹಿಡಿಗಳನ್ನಷ್ಟೇ ಎಳೆದು ಆ ಬಾಗಿಗೆ ಹೊಂದಿಸಿ.

ಎರಡರಲ್ಲೂ ಒಂದು ಮಾತು ತಪ್ಪಬಾರದು. ಬರಹವೊಂದನ್ನೇ ಹಿಡಿದು ಎಳೆಯಬೇಡಿ. ಬೋರ್ಡಿನ ನಿಜವಾದ ಉದ್ದಗಲದ ಅನುಪಾತದಲ್ಲಿ ಒಂದು ಆಯತ ಮಾಡಿ, ಬರಹವನ್ನು ಅದರೊಳಗೆ ಜೋಡಿಸಿ, ಇಡೀ ಆಯತವನ್ನು ಸ್ಮಾರ್ಟ್ ಆಬ್ಜೆಕ್ಟ್ ಮಾಡಿ ಬೋರ್ಡಿನ ಮೂಲೆಗಳಿಗೆ ಕೂರಿಸಿ. ಕೂತ ಮೇಲೆ ಆಯತದ ಬಣ್ಣ ಅಡಗಿಸಿದರಾಯಿತು. ಆಗ ದೂರದ ಬದಿಯ ಅಕ್ಷರಗಳೂ ಅವುಗಳ ನಡುವಿನ ಜಾಗವೂ ತಾವೇ ಕಿರಿದಾಗುತ್ತವೆ. ಕಾಗುಣಿತ ತಿದ್ದಬೇಕಾದರೂ ಸ್ಮಾರ್ಟ್ ಆಬ್ಜೆಕ್ಟ್ ತೆರೆದರೆ ಸಾಕು, ಬಾಗು ಹಾಗೆಯೇ ಉಳಿಯುತ್ತದೆ.

ಇಡೀ ಫೋಟೋದ ಲೆನ್ಸ್ ಬಾಗನ್ನು ತೆಗೆದು, ತಿದ್ದಿ, ಮತ್ತೆ ಬಾಗಿಸುವ ದಾರಿಯೂ ಇದೆ. ಸಣ್ಣ ಬೋರ್ಡಿಗೆ ನಾನದನ್ನು ಹೇಳುವುದಿಲ್ಲ: ಎರಡು ಸಲ ಪಿಕ್ಸೆಲ್ ಕಲಸಿ ಚಿತ್ರ ಮಸುಕಾಗುತ್ತದೆ.