ಪ್ರೆಶರ್ ಸ್ವಿಚ್‌ನ ನಟ್ ಮುಟ್ಟುವ ಮೊದಲು ಟ್ಯಾಂಕಿನ ಗಾಳಿ ನೋಡಿ

ಮನೆಯ ಬೂಸ್ಟರ್ ಪಂಪ್ ಪದೇ ಪದೇ ಆನ್ ಆಫ್ ಆಗ್ತಿದ್ದರೆ ದಯವಿಟ್ಟು ಇದನ್ನು ಓದಿ. ನನ್ನ ಪಂಪಿನ ಸೀಲ್ ಹೋಗಿದ್ದೇ ಇದು ಗೊತ್ತಿಲ್ಲದೆ.

ಅಡುಗೆಮನೆ ನಲ್ಲಿ ಬಿಟ್ಟರೆ ಸಾಕು, ಪಂಪ್ ನಿಂತು ಇಪ್ಪತ್ತು ಸೆಕೆಂಡಿಗೆಲ್ಲ ಸ್ವಿಚ್ ಟಕ್ ಅಂತ ಬಡಿದು ಮತ್ತೆ ಶುರುವಾಗುತ್ತಿತ್ತು. ರಿಪೇರಿಗೆ ಬಂದವರು ಪಂಪಿಗೆ ಜೋಡಿಸಿರುವ ಪ್ರೆಶರ್ ಟ್ಯಾಂಕಿನ ಕಡೆ ನೋಡಲೇ ಇಲ್ಲ. ಪಂಪನ್ನು ಆನ್ ಆಫ್ ಮಾಡುವ ಪ್ರೆಶರ್ ಸ್ವಿಚ್‌ನ ಮುಚ್ಚಳ ತೆಗೆದು ಎರಡೂ ನಟ್ ಬಿಗಿ ಮಾಡಿ, 'ಪ್ರೆಶರ್ ಕಮ್ಮಿ ಇತ್ತು, ಜಾಸ್ತಿ ಮಾಡಿದ್ದೀನಿ' ಅಂದು ಹೊರಟರು.

ಅವತ್ತು ರಾತ್ರಿ ಎಲ್ಲ ನಲ್ಲಿ ಮುಚ್ಚಿದ್ದರೂ ಪಂಪ್ ನಿಲ್ಲಲೇ ಇಲ್ಲ. ಗೇಜ್‌ನ ಮುಳ್ಳು 2.9 ಬಾರ್‌ನಲ್ಲಿ ಅಂಟಿಕೊಂಡಿತ್ತು. ಪಂಪಿನ ಪ್ಲೇಟಿನ ಮೇಲೆ ಗರಿಷ್ಠ ಹೆಡ್ 30 ಮೀಟರ್ ಅಂತ ಬರೆದಿದೆ, ಅಂದರೆ ಹೆಚ್ಚುಕಮ್ಮಿ 3 ಬಾರ್. ಕಟ್-ಔಟ್, ಅಂದರೆ ಸ್ವಿಚ್ ಪಂಪನ್ನು ನಿಲ್ಲಿಸೋ ಪ್ರೆಶರ್, ಅದಕ್ಕಿಂತ ಮೇಲೆ ಹೋಗಿ ಕೂತಿತ್ತು. ಪಂಪ್ ಎಷ್ಟು ತಿರುಗಿದರೂ ಆ ಪ್ರೆಶರ್ ಮುಟ್ಟೋದಿಲ್ಲ, ಒಳಗಿನ ನೀರು ಹರಿಯದೆ ಅಲ್ಲೇ ಬಿಸಿಯಾಗುತ್ತೆ. ಬೆಳಗ್ಗೆ ಪಂಪಿನ ಮೈ ಕೈ ಇಡಲಾಗದಷ್ಟು ಸುಡುತ್ತಿತ್ತು, ಶಾಫ್ಟ್ ಹತ್ತಿರ ನೀರು ತೊಟ್ಟಿಕ್ಕುತ್ತಿತ್ತು.

ನಿಜವಾದ ತೊಂದರೆ ಇದ್ದದ್ದು ಟ್ಯಾಂಕಿನಲ್ಲಿ. ಅದರೊಳಗೆ ರಬ್ಬರ್ ಚೀಲ ಇರುತ್ತೆ, ಚೀಲದಲ್ಲಿ ನೀರು, ಹೊರಗೆ ಗಾಳಿ. ಪಂಪ್ ನಿಂತಾಗ ಆ ಗಾಳಿಯೇ ನೀರನ್ನು ನಲ್ಲಿಗೆ ತಳ್ಳೋದು. ಗಾಳಿ ಇಲ್ಲದಿದ್ದರೆ ಸ್ವಲ್ಪ ನೀರು ಹೋದ ಕೂಡಲೇ ಪ್ರೆಶರ್ ಬಿದ್ದು ಪಂಪ್ ಮತ್ತೆ ಶುರು.

ಸೀಲ್ ಬದಲಾಯಿಸಿದ ಮೇಲೆ ನಾನೇ ನೋಡಿದೆ. ಮೇನ್ ಆಫ್ ಮಾಡಿ, ನಲ್ಲಿ ತೆರೆದು ಗೇಜ್ ಸೊನ್ನೆಗೆ ಬರೋವರೆಗೂ ನೀರು ಬಿಟ್ಟೆ. ನೀರಿನ ಪ್ರೆಶರ್ ಇರುವಾಗ ಅಳೆದರೆ ಲೆಕ್ಕ ತಪ್ಪುತ್ತೆ. ಆಮೇಲೆ ಟ್ಯಾಂಕಿನ ವಾಲ್ವಿಗೆ ಟೈರ್ ಗೇಜ್ ಹಿಡಿದರೆ ಮುಳ್ಳು ಅಲುಗಲೇ ಇಲ್ಲ. ಪಿನ್ ಒತ್ತಿದಾಗ ನೀರು ಬರಲಿಲ್ಲ, ಅದೇ ಪುಣ್ಯ. ಅಲ್ಲಿಂದ ನೀರು ಬಂದರೆ ಚೀಲ ಹರಿದಿದೆ ಅಂತ ಅರ್ಥ, ಆಗ ಎಷ್ಟು ಗಾಳಿ ತುಂಬಿದರೂ ಸುಮ್ನೆ.

ಗಾಳಿ ಕಟ್-ಇನ್‌ಗಿಂತ ಅಂದರೆ ಪಂಪ್ ಶುರುವಾಗೋ ಪ್ರೆಶರ್‌ಗಿಂತ ತುಸು ಕಮ್ಮಿ ಇರಬೇಕು. ನನಗೆ ಕಟ್-ಇನ್ 1.5 ಬಾರ್ ಬೇಕಿತ್ತು, ಹಾಗಾಗಿ ಸೈಕಲ್ ಪಂಪಿನಲ್ಲಿ 1.3 ತುಂಬಿದೆ.

ಆಮೇಲೆ ಸ್ವಿಚ್. ನನ್ನದರಲ್ಲಿ ದೊಡ್ಡ ನಟ್ ತಿರುಗಿಸಿದರೆ ಕಟ್-ಇನ್, ಕಟ್-ಔಟ್ ಎರಡೂ ಒಟ್ಟಿಗೆ ಏರುತ್ತೆ ಇಳಿಯುತ್ತೆ, ಚಿಕ್ಕದು ಕಟ್-ಔಟ್ ಒಂದನ್ನೇ ಬದಲಿಸುತ್ತೆ. ಮೊದಲು ದೊಡ್ಡದರಲ್ಲಿ 1.5ಕ್ಕೆ ಶುರುವಾಗೋ ಹಾಗೆ ಮಾಡಿ, ಚಿಕ್ಕದರಲ್ಲಿ 2.5ಕ್ಕೆ ನಿಲ್ಲೋ ಹಾಗೆ ಮಾಡಿದೆ. ಪ್ರತಿ ಸಲ ಅರ್ಧ ಸುತ್ತು, ಅದೂ ಮೇನ್ ಆಫ್ ಮಾಡಿಯೇ, ಯಾಕೆಂದರೆ ಆ ಮುಚ್ಚಳದ ಕೆಳಗಿನ ಟರ್ಮಿನಲ್‌ಗಳಲ್ಲಿ ಕರೆಂಟ್ ಇರುತ್ತೆ. ಪ್ರತಿ ಸಲವೂ ನಲ್ಲಿ ಬಿಟ್ಟು ಮುಚ್ಚಿ, ಗೇಜ್ ನೋಡಿ, ಆಮೇಲೆ ಮುಂದಿನ ಅರ್ಧ ಸುತ್ತು.

24 ಲೀಟರ್ ಟ್ಯಾಂಕ್ ನನ್ನದು. ಪಂಪ್ ನಿಂತ ಮೇಲೆ ಬಕೆಟ್ ಹಿಡಿದು ಅಳೆದೆ: ಈಗ ಸುಮಾರು ಆರು ಲೀಟರ್ ಬಂದ ಮೇಲೇ ಪಂಪ್ ಶುರುವಾಗುತ್ತೆ, ಮುಂಚೆ ಮೂರು ಲೀಟರ್ ಕೂಡ ಸಿಗುತ್ತಿರಲಿಲ್ಲ. ಕೈ ತೊಳೆದರೆ ಸ್ವಿಚ್ ಸದ್ದೇ ಇಲ್ಲ.

ಇಷ್ಟಾದ ಮೇಲೂ ಎಲ್ಲ ನಲ್ಲಿ ಮುಚ್ಚಿರುವಾಗ ನಿಮ್ಮ ಪಂಪ್ ತಾನಾಗಿ ಎದ್ದರೆ ಅದು ಬೇರೆ ಕಥೆ. ಎಲ್ಲೋ ಸೋರ್ತಿದೆ, ಇಲ್ಲವೇ ಚೆಕ್ ವಾಲ್ವ್ ನೀರನ್ನು ಹಿಂದಕ್ಕೆ ಬಿಡ್ತಿದೆ. ಮೊದಲು ಟಾಯ್ಲೆಟ್ ಫ್ಲಶ್ ಟ್ಯಾಂಕ್ ನೋಡಿ.