ಸೊಂಟದ ಮೇಲೆ ಕೈ, ಎದೆ ಮುಂದೆ ಕೈ, ಪೂರ್ತಿ ಬೀಸು: ನಿಂತಲ್ಲೇ ಜಿಗಿಯೋಕೆ ಯಾವುದು?

ನನ್ನ ಓಟು ಪೂರ್ತಿ ಬೀಸಿಗೆ. ಮೂರನ್ನೂ ಅಳೆದು ನೋಡಿದ ಮೇಲೆ ಉಳಿದೆರಡರ ಪರವಾಗಿ ಮಾತಾಡೋದು ಕಷ್ಟ. ಹೋಲಿಸಿದ್ದು ಇಷ್ಟು: ಎರಡೂ ಕೈಯನ್ನು ಸೊಂಟಕ್ಕೆ ಊರಿಕೊಂಡು ಜಿಗಿಯುವುದು, ವಾಲಿಬಾಲ್ ಬ್ಲಾಕರ್‌ಗಳ ಹಾಗೆ ಎದೆಯ ಮುಂದಿನಿಂದಲೇ ಕೈ ಎತ್ತುವುದು, ಮತ್ತು ಕೈಯನ್ನು ಬೆನ್ನ ಹಿಂದಕ್ಕೆ ಒಯ್ದು ತೊಡೆಯ ಪಕ್ಕದಿಂದ ಮೇಲಕ್ಕೆ ಬೀಸುವುದು.

ಅಳತೆಗೆ ಸ್ಲೋ ಮೋಷನ್ ಇರುವ ಫೋನ್ ಸಾಕು. ಸೆಕೆಂಡಿಗೆ 240 ಫ್ರೇಮ್ ಇಟ್ಟು, ಪಾದದ ಮಟ್ಟಕ್ಕೆ ಇಟ್ಟಿಗೆಗೆ ಒರಗಿಸಿಡಿ. ಬೆರಳು ನೆಲ ಬಿಟ್ಟ ಫ್ರೇಮಿನಿಂದ ಮತ್ತೆ ಮುಟ್ಟಿದ ಫ್ರೇಮಿನವರೆಗೆ ಎಣಿಸಿ 240ರಿಂದ ಭಾಗಿಸಿದರೆ ಗಾಳಿಯಲ್ಲಿದ್ದ ಸಮಯ ಬರುತ್ತದೆ. ಅದರ ವರ್ಗವನ್ನು 1.226ರಿಂದ ಗುಣಿಸಿದರೆ ಎತ್ತರ, ಮೀಟರಿನಲ್ಲಿ. ಸೊಂಟದ ಮೇಲೆ ಕೈ ಇದ್ದಾಗ 128 ಫ್ರೇಮ್, ಅಂದರೆ ಸುಮಾರು 35 ಸೆಂ.ಮೀ. ಎದೆಯ ಮುಂದಿನಿಂದ ಎತ್ತಿದಾಗ 131, ಸುಮಾರು 36.5. ಪೂರ್ತಿ ಬೀಸಿದಾಗ 137, ಹೆಚ್ಚುಕಮ್ಮಿ 40. ಮಂಡಿ ಮಡಚಿಕೊಂಡು ಇಳಿದರೆ ಸಮಯ ಸುಳ್ಳೇ ಹಿಗ್ಗುತ್ತದೆ. ಕಾಲು ನೀಟಾಗಿ ಚಾಚಿಕೊಂಡೇ ನೆಲ ಮುಟ್ಟಬೇಕು, ಮಂಡಿ ಮಡಚುವುದು ಆಮೇಲೆ.

ಕೈ ಬೀಸಿದರೆ ಕಾಲಿಗೇನು ಲಾಭ? ಮುಳ್ಳಿನ ತೂಕದ ಯಂತ್ರದ ಮೇಲೆ ನಿಂತು, ಮಂಡಿ ಅಲ್ಲಾಡಿಸದೆ, ಇಳಿಬಿಟ್ಟ ಕೈಗಳನ್ನು ಭುಜದ ಮಟ್ಟಕ್ಕೆ ರಪ್ಪನೆ ಎತ್ತಿ ನಿಲ್ಲಿಸಿ ನೋಡಿ. ಕೈ ಹೊರಟ ಕೂಡಲೇ ಮುಳ್ಳು ನಿಮ್ಮ ತೂಕ ದಾಟಿ ಏರುತ್ತದೆ, ಕೈ ನಿಂತಾಗ ತೂಕಕ್ಕಿಂತ ಕೆಳಗೆ ಬೀಳುತ್ತದೆ. (ಡಿಜಿಟಲ್ ಯಂತ್ರದಲ್ಲಿ ಇದು ಸರಿಯಾಗಿ ಕಾಣುವುದಿಲ್ಲ.) ಜಿಗಿತದ ಗುಟ್ಟು ಈ ಎರಡು ಕ್ಷಣಗಳಲ್ಲೇ ಇದೆ. ಎರಡು ಕೈ ಸೇರಿ ಮೈತೂಕದ ಹತ್ತನೇ ಒಂದು ಪಾಲು, 60 ಕೆ.ಜಿ. ಆಳಿಗೆ 6 ಕೆ.ಜಿ. ಅಷ್ಟನ್ನು ಮೇಲಕ್ಕೆ ಎಸೆಯುವಾಗ ಭುಜ ಮುಂಡವನ್ನು ಕೆಳಕ್ಕೆ ಒತ್ತುತ್ತದೆ, ಆ ಭಾರ ಕಾಲಿಗೆ ಇಳಿಯುತ್ತದೆ. ಮಂಡಿ, ಸೊಂಟ ಬಿಚ್ಚಿಕೊಳ್ಳುವುದು ಸ್ವಲ್ಪ ನಿಧಾನವಾಗುತ್ತದೆ. ನಿಧಾನವಾಗಿ ಕುಗ್ಗುವ ಸ್ನಾಯು ಹೆಚ್ಚು ಬಲ ಕೊಡುತ್ತದೆ, ಹಾಗಾಗಿ ನೆಲವನ್ನು ಇನ್ನಷ್ಟು ಜೋರಾಗಿ ತಳ್ಳಬಹುದು. ಕೊನೆಗೆ ಕೈಯ ವೇಗ ತಗ್ಗುವಾಗ ಅದರ ಸಂವೇಗ ಮುಂಡಕ್ಕೆ ದಾಟಿ, ಮೈಯನ್ನು ಮೇಲಕ್ಕೆ ಎಳೆಯುತ್ತದೆ. ಇದರ ಜೊತೆಗೆ, ಕೈ ಮೇಲಿರುವಾಗಲೇ ನೆಲ ಬಿಟ್ಟರೆ ಗುರುತ್ವ ಕೇಂದ್ರ ಮೂರ್ನಾಲ್ಕು ಸೆಂ.ಮೀ. ಮೇಲಿನಿಂದಲೇ ಹೊರಡುತ್ತದೆ. ಫ್ರೇಮ್ ಎಣಿಕೆಗೆ ಈ ಲಾಭ ಸಿಕ್ಕುವುದಿಲ್ಲ.

ಪೂರ್ತಿ ಬೀಸಿನ ತಲೆನೋವು ಒಂದೇ: ಹೊತ್ತು ತಪ್ಪುವುದು. ಬಹಳ ಜನ ಮಂಡಿ ಬಗ್ಗಿಸುತ್ತಾ ಬಗ್ಗಿಸುತ್ತಾ ಕೈಯನ್ನು ಹಿಂದಕ್ಕೆ ಒಯ್ಯುತ್ತಾರೆ. ತಳ ಮುಟ್ಟಿದಾಗ ಕೈ ಇನ್ನೂ ಬೆನ್ನ ಹಿಂದೆಯೇ ಇರುತ್ತದೆ. ಕಾಲು ತಳ್ಳಿ ಮುಗಿಸುವ ಹೊತ್ತಿಗೆ ಕೈ ಸೊಂಟದ ಹತ್ತಿರ ಬಂದಿರುತ್ತದೆ ಅಷ್ಟೆ, ಮಿಕ್ಕ ಬೀಸೆಲ್ಲ ಗಾಳಿಯಲ್ಲಿ. ನೆಲ ಬಿಟ್ಟ ಮೇಲೆ ತಳ್ಳುವುದಕ್ಕೆ ಏನೂ ಇಲ್ಲ. ಕೈ ಮೇಲಕ್ಕೆ ಹೋದಷ್ಟಕ್ಕೆ ಮುಂಡ ಕೆಳಕ್ಕೆ ಸರಿಯುತ್ತದೆ. ನೋಡುವವರಿಗೆ ಕೈ ಚೆನ್ನಾಗಿಯೇ ಬೀಸಿದ ಹಾಗೆ ಕಾಣುತ್ತದೆ, ಅದೇ ಮೋಸ.

ಪತ್ತೆ ಹಚ್ಚುವುದು ಸುಲಭ. ಫೋನನ್ನು ಇಡೀ ಮೈ ಕಾಣುವಷ್ಟು ದೂರದಲ್ಲಿ, ಪಕ್ಕದಿಂದ ಇಟ್ಟು, ಬೆರಳು ನೆಲ ಬಿಡುವ ಫ್ರೇಮಿನಲ್ಲಿ ವಿಡಿಯೊ ನಿಲ್ಲಿಸಿ. ಮುಂಗೈ ಭುಜದ ಮಟ್ಟ ದಾಟಿರಬೇಕು. ಎದೆಗಿಂತ ಕೆಳಗಿದ್ದರೆ ತಡವಾಗಿದೆ ಎಂದರ್ಥ. ಮದ್ದು: ಕೈ ಮೊದಲು, ಮಂಡಿ ಆಮೇಲೆ. ನೆಟ್ಟಗೆ ನಿಂತಿರುವಾಗಲೇ ಕೈಯನ್ನು ಹಿಂದಕ್ಕೆ ಒಯ್ದು, ಮೈ ಇಳಿಯುವಾಗ ಅದನ್ನೂ ಇಳಿಸಿ, ಮಂಡಿ ಪೂರ್ತಿ ಬಗ್ಗಿದ ಕ್ಷಣಕ್ಕೆ ಅಂಗೈ ತೊಡೆಯ ಪಕ್ಕ ಹಾದುಹೋಗುವ ಹಾಗೆ ನೋಡಿಕೊಳ್ಳಿ. ಮೊದಮೊದಲು ಅರ್ಧ ವೇಗದಲ್ಲಿ ಮಾಡಿದರೆ ಲಯ ಕೂಡುತ್ತದೆ.

ಇನ್ನೊಂದು ಎಡವಟ್ಟು, ಕೈಯನ್ನು ಅತಿಯಾಗಿ ಹಿಂದಕ್ಕೆ ಒಯ್ಯುವುದು. ಮುಂಡ ಮುಂದಕ್ಕೆ ಬಾಗಿ, ಜಿಗಿತ ಮೇಲಕ್ಕೆ ಹೋಗುವ ಬದಲು ಮುಂದಕ್ಕೆ ಹೋಗುತ್ತದೆ. ನಿಂತಾಗ ಕಾಲ್ಬೆರಳ ತುದಿಗೆ ಸರಿಯಾಗಿ ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆದುಕೊಳ್ಳಿ. ಇಳಿದಾಗ ಗೇಣಿಗಿಂತ ಮುಂದಿದ್ದರೆ ಹಿಂಬೀಸು ತಗ್ಗಿಸಿ.

ಮೊಣಕೈ ಚೂರು ಮಡಚಿರಲಿ.

ಎದೆ ಮುಂದಿನ ಕೈ ನೆಟ್ ಪಕ್ಕದಲ್ಲಿ ಮಾತ್ರ ಸರಿ. ಅಲ್ಲಿ ಕೆಳಗಿನಿಂದ ಬೀಸಿದರೆ ಕೈ ನೆಟ್ಟಿಗೆ ತಾಗುತ್ತದೆ, ಚೆಂಡೂ ಕಾಯುವುದಿಲ್ಲ. ಎತ್ತರ ಬಿಟ್ಟುಕೊಟ್ಟು ಸಮಯ ಕೊಂಡ ಲೆಕ್ಕ.

ಸೊಂಟದ ಮೇಲೆ ಕೈ ಇಟ್ಟು ಆಡುವುದಂತೂ ಯಾರೂ ಇಲ್ಲ. ಆದರೂ ನಾನು ಅದನ್ನು ಬಿಟ್ಟಿಲ್ಲ, ಖರ್ಚಿಲ್ಲದ ಪರೀಕ್ಷೆಯಾಗಿ ಇಟ್ಟುಕೊಂಡಿದ್ದೇನೆ. ವಾರಕ್ಕೊಮ್ಮೆ ಹಾಗೆ ಮೂರು, ಪೂರ್ತಿ ಬೀಸಿ ಮೂರು ಜಿಗಿತ ಅಳೆಯುತ್ತೇನೆ. ಎರಡೂ ಒಟ್ಟಿಗೆ ಇಳಿದಿದ್ದರೆ ಕಾಲು ದಣಿದಿದೆ. ಸೊಂಟದ ಮೇಲೆ ಕೈ ಇಟ್ಟ ಜಿಗಿತದ ಎತ್ತರ ಹಾಗೇ ಇದ್ದು ನಡುವಿನ ಅಂತರ ಮಾತ್ರ ಐದರಿಂದ ಎರಡು ಸೆಂ.ಮೀ.ಗೆ ಇಳಿದಿದ್ದರೆ ಕೈ ಮತ್ತೆ ತಡವಾಗುತ್ತಿದೆ. ಆ ದಿನ ಸ್ಕ್ವಾಟ್ ಹೆಚ್ಚಿಸುವುದಿಲ್ಲ, ಅರ್ಧ ವೇಗದ ಬೀಸಿಗೆ ವಾಪಸ್.