ಒಂದೇ ಹಿಟ್ಟು, ಮೂರು ಕಾವಲಿ: ಡೊಂಕಾದ ನಾನ್‌ಸ್ಟಿಕ್, ಹೊಸ ನಾನ್‌ಸ್ಟಿಕ್, ಅತ್ತೆಯ ಬೀಡಿನ ಕಾವಲಿ

ಶಿರಸಿಯ ನಮ್ಮ ಮನೆಯಲ್ಲಿ ವಾರಕ್ಕೆ ನಾಲ್ಕು ದಿನವಾದರೂ ಬೆಳಿಗ್ಗೆ ದೋಸೆ. ಅದರಲ್ಲೂ ಸೌತೆಕಾಯಿ ಹಾಕಿದ ತೆಳ್ಳೇವು ಜಾಸ್ತಿ. ನಾಲ್ಕು ವರ್ಷದಿಂದ ಬಳಸುತ್ತಿದ್ದ ನಾನ್‌ಸ್ಟಿಕ್ ಕಾವಲಿ ಈ ಮಳೆಗಾಲದಲ್ಲಿ ಕೈಕೊಟ್ಟಿತು. 28 ಸೆಂ.ಮೀ. ಅಗಲದ ಅಲ್ಯೂಮಿನಿಯಂ ಕಾವಲಿ, ಅಡಿಗೆ ಇಂಡಕ್ಷನ್ ಒಲೆಗೆಂದು ಸ್ಟೀಲ್ ಬಿಲ್ಲೆ ಒತ್ತಿದ್ದು. ತೆಳ್ಳೇವು ಎರೆದರೆ ಎಡಗಡೆ ಕರಕಲು, ನಡುವೆ ಅಂಟು, ಅಂಚಿನ ಹತ್ತಿರ ದಪ್ಪವಾಗಿ ಬಿಳಿ.

ಹೊಸದು ತರೋಣ ಅಂತ ನಾನು. ಅಟ್ಟದ ಮೇಲಿರುವ ಬೀಡಿನ ಕಾವಲಿ ಇಳಿಸು ಅಂತ ಅತ್ತೆ. ಕೊನೆಗೆ ಎರಡೂ ಆಯಿತು. ಆದರೆ ಅದಕ್ಕೆ ಮೊದಲು ಹಳೆಯದಕ್ಕೆ ನಿಜವಾಗಿ ಏನಾಗಿದೆ ಅಂತ ನೋಡಬೇಕು ಅನ್ನಿಸಿತು. ಕಾರಣ ತಿಳಿಯದೆ ಹೊಸದು ತಂದರೆ ಅದೂ ಹಾಗೇ ಹಾಳಾಗುತ್ತದೆ, ಅಲ್ವಾ?

ಮೊದಲು ಎಡಗಡೆಯ ಕರಕಲು. ಒಂದು ದೋಸೆ ಎರೆದು ಎಲ್ಲಿ ಕಪ್ಪಾಯಿತು ಅಂತ ನೋಡಿಕೊಂಡೆ. ಆಮೇಲೆ ಕಾವಲಿಯನ್ನು ಒಲೆಯ ಮೇಲೇ ಅರ್ಧ ಸುತ್ತು ತಿರುಗಿಸಿ ಇನ್ನೊಂದು ಎರೆದೆ. ಕಪ್ಪು ಕಾವಲಿಯ ಜೊತೆ ತಿರುಗಿದ್ದರೆ ತಪ್ಪು ಕಾವಲಿಯದ್ದು. ಅದು ತಿರುಗಲಿಲ್ಲ, ಮತ್ತೆ ಎಡಗಡೆಯೇ ಬಂತು. ಅಂದರೆ ತಪ್ಪು ಒಲೆಯದ್ದು. ಬರ್ನರ್ ತೆಗೆದು ನೋಡಿದರೆ ಬಲಗಡೆಯ ಏಳೆಂಟು ತೂತುಗಳಲ್ಲಿ ಒಣಗಿದ ಹಿಟ್ಟು. ಪಿನ್ನಿನಿಂದ ಚುಚ್ಚಿ ತೆಗೆದು, ತೊಳೆದು, ಪೂರ್ತಿ ಒಣಗಿಸಿ ಕೂರಿಸಿದೆ. ಉರಿ ಸುತ್ತಲೂ ಒಂದೇ ಎತ್ತರಕ್ಕೆ ಬಂತು, ಎಡಗಡೆಯ ಕರಕಲು ಹೋಯಿತು. ಇಷ್ಟು ದಿನ ಸುಮ್ನೆ ಕಾವಲಿಯನ್ನೇ ದೂರುತ್ತಿದ್ದೆ.

ಆದರೆ ಅಂಚಿನ ದಪ್ಪ ಹಾಗೇ ಇತ್ತು. ತಣ್ಣಗಿನ ಕಾವಲಿಯ ನಡುವೆ ಒಂದು ಚಮಚ ಎಣ್ಣೆ ಹಾಕಿದೆ. ಅದು ನಡುವೆ ನಿಲ್ಲದೆ ನಾಲ್ಕೂ ಕಡೆ ಹರಿದು ಬಳೆಯ ಹಾಗೆ ಅಂಚಿನಲ್ಲಿ ನಿಂತಿತು. ಒಂದೇ ಕಡೆಗೆ ಹರಿದಿದ್ದರೆ ಒಲೆ ವಾಲಿದೆ ಎನ್ನಬಹುದಿತ್ತು. ಸುತ್ತಲೂ ಹರಿದರೆ ನಡು ಉಬ್ಬಿದೆ ಎಂದೇ ಅರ್ಥ. ಕಾವಲಿ ಮಗುಚಿ, ತಳದ ಮೇಲೆ ಸ್ಟೀಲ್ ಸ್ಕೇಲ್ ಅಡ್ಡ ಇಟ್ಟೆ. ಸ್ಕೇಲ್ ಎರಡು ಅಂಚಿಗೂ ತಾಗಿ, ನಡುವೆ ಸಂದು ಬಿಟ್ಟಿತು. ಆ ಸಂದಿನಲ್ಲಿ ಎರಡು ಎಟಿಎಂ ಕಾರ್ಡ್ ಜೋಡಿಸಿ ತೂರಿಸಬಹುದಿತ್ತು. ಒಂದು ಕಾರ್ಡ್ ಮುಕ್ಕಾಲು ಮಿ.ಮೀ. ದಪ್ಪ. ಹಾಗಾಗಿ ಉಬ್ಬು ಒಂದೂವರೆ ಮಿ.ಮೀ. ಒಂದು ಕಾರ್ಡೂ ನುಗ್ಗದಷ್ಟು ಸಂದಿದ್ದರೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಬಿಸಿಗೆ ಸಮ ಆಗಲಿ ಅಂತ ಹಲವು ಕಾವಲಿಗಳ ತಳವನ್ನು ಮಾಡುವಾಗಲೇ ಸ್ವಲ್ಪ ಒಳಗೆ ತಗ್ಗಿಸಿರುತ್ತಾರೆ.

ಈ ಉಬ್ಬು ಗ್ಯಾಸ್ ಒಲೆಯಲ್ಲಿ ಒಂದು ತೊಂದರೆ ಕೊಟ್ಟರೆ, ಇಂಡಕ್ಷನ್‌ನಲ್ಲಿ ಬೇರೆಯೇ ತೊಂದರೆ ಕೊಡುತ್ತದೆ. ಗ್ಯಾಸ್‌ನಲ್ಲಿ ಕಾವಲಿ ಹೇಗೂ ಕಡ್ಡಿಗಳ ಮೇಲೆ ಕೂತಿರುತ್ತದೆ. ಉರಿಗೆ ಒಂದೂವರೆ ಮಿ.ಮೀ. ದೂರ ಲೆಕ್ಕಕ್ಕೇ ಇಲ್ಲ. ಅಲ್ಲಿ ಕೆಡುವುದು ಹಿಟ್ಟಿನ ದಪ್ಪ. ತೆಳ್ಳೇವಿನ ಹಿಟ್ಟು ನೀರು ನೀರಾಗಿರುವುದರಿಂದ ಉಬ್ಬಿನಿಂದ ಕೆಳಗೆ ಜಾರಿ ಅಂಚಿನಲ್ಲಿ ಸೇರುತ್ತದೆ. ನಡುವೆ ಕಾಗದದಷ್ಟು ತೆಳು, ಅದು ಸೀಯುವ ಹೊತ್ತಿಗೆ ಅಂಚು ಇನ್ನೂ ಹಸಿ. ನೋಡುವವರಿಗೆ ಶಾಖ ಸಮ ಇಲ್ಲ ಅನ್ನಿಸುತ್ತದೆ, ನಿಜಕ್ಕೂ ಸಮ ಇಲ್ಲದ್ದು ಹಿಟ್ಟು. ಇಂಡಕ್ಷನ್‌ನಲ್ಲಾದರೆ ಬಿಸಿ ಎಷ್ಟಾಯಿತು ಅಂತ ನೋಡುವ ಸೆನ್ಸರ್ ಗಾಜಿನ ಅಡಿಯಲ್ಲಿ, ನಡುವೆ ಇರುತ್ತದೆ. ಅಲ್ಲೇ ಕಾವಲಿ ಗಾಜಿಗೆ ತಾಗದೆ ಎದ್ದಿದ್ದರೆ ಅದಕ್ಕೆ ಬಿಸಿ ತಡವಾಗಿ ತಿಳಿಯುತ್ತದೆ. ಅಷ್ಟರಲ್ಲಿ ಕಾವಲಿ ಮಿತಿಮೀರಿ ಕಾದಿರುತ್ತದೆ.

ಉಬ್ಬಿದ್ದು ಯಾಕೆ? 28 ಸೆಂ.ಮೀ. ಅಲ್ಯೂಮಿನಿಯಂ 200 ಡಿಗ್ರಿಯಷ್ಟು ಬಿಸಿ ಏರಿದರೆ ಸುಮಾರು 1.3 ಮಿ.ಮೀ. ಹಿಗ್ಗುತ್ತದೆ. ಅಷ್ಟೇ ಉದ್ದದ ಸ್ಟೀಲ್ ಹಿಗ್ಗುವುದು ಹೆಚ್ಚುಕಡಿಮೆ ಅದರ ಅರ್ಧ. ಅಡಿಯ ಬಿಲ್ಲೆ ಹಿಡಿದುಕೊಂಡಿದೆ, ಮೇಲಿನ ಅಲ್ಯೂಮಿನಿಯಂ ಹಿಗ್ಗಬೇಕು, ಆಗ ನಡು ಮೇಲೇಳುತ್ತದೆ. ನಿಧಾನ ಕಾಯಿಸಿದರೆ ಆರಿದಾಗ ಮತ್ತೆ ಇಳಿಯುತ್ತದೆ. ನಾನು ಮಾಡುತ್ತಿದ್ದದ್ದು ಬೇರೆ. ಖಾಲಿ ಕಾವಲಿಯನ್ನು ದೊಡ್ಡ ಉರಿಯಲ್ಲಿ ಕಾಯಿಸಿ, ಪ್ರತಿ ದೋಸೆಗೂ ಮೊದಲು ಚುಂಯ್ ಅನ್ನುವ ಹಾಗೆ ತಣ್ಣೀರು ಚಿಮುಕಿಸುತ್ತಿದ್ದೆ. ಬೀಡಿನ ಕಾವಲಿಯಲ್ಲಿ ದೋಸೆ ಎರೆಯುತ್ತಿದ್ದ ಅಮ್ಮನಿಂದ ಬಂದ ಅಭ್ಯಾಸ ಅದು. ದಪ್ಪ ಬೀಡು ಅದನ್ನು ತಾಳಿಕೊಳ್ಳುತ್ತದೆ. ತೆಳು ಅಲ್ಯೂಮಿನಿಯಂ ಮಾತ್ರ ಪ್ರತಿ ಸಲ ಸೆಟೆದು, ಸ್ವಲ್ಪ ಸ್ವಲ್ಪವೇ ಡೊಂಕಾಗಿ ಉಳಿಯುತ್ತದೆ.

ಇನ್ನು ಅಂಟುವಿಕೆ. ಕಾವಲಿಯ ಮೇಲೆ ಅಲ್ಲಲ್ಲಿ ನೀರಿನ ಹನಿ ಬಿಟ್ಟೆ. ಅಂಚಿನ ಕಡೆ ಕಂದು ಜಿಗುಟು ಇದ್ದಲ್ಲಿ ಹನಿ ಸ್ವಲ್ಪ ಹರಡಿತು. ನಡುವೆ ಅಂಗೈಯಷ್ಟು ಜಾಗದಲ್ಲಿ ಪೂರ್ತಿ ಹರಡಿತು. ಕಾವಲಿಗೆ ನೀರು ಹಾಕಿ, ಎರಡು ಚಮಚ ಅಡುಗೆ ಸೋಡಾ ಬೆರೆಸಿ, ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕುದಿಸಿದೆ. ಆರಿದ ಮೇಲೆ ಮೆತ್ತನೆ ಬಟ್ಟೆಯಿಂದ ಉಜ್ಜಿದಾಗ ಅಂಚಿನ ಕಂದು ಬಂತು. ಅದು ಸುಟ್ಟು ಅಂಟಿಕೊಂಡಿದ್ದ ಎಣ್ಣೆ. ಅಲ್ಲಿ ಈಗ ಹನಿ ಮತ್ತೆ ಮುತ್ತಿನ ಹಾಗೆ ನಿಂತಿತು, ಅಂದರೆ ಕೆಳಗಿನ ಲೇಪ ಇನ್ನೂ ಚೆನ್ನಾಗಿದೆ. ನಡುವೆ ಮಾತ್ರ ಏನೂ ಬದಲಾಗಲಿಲ್ಲ. ಬೆಳಕಿಗೆ ಹಿಡಿದರೆ ಬೂದು ಬಣ್ಣದ ಅಲ್ಯೂಮಿನಿಯಂ ಇಣುಕುತ್ತಿತ್ತು. ಅಲ್ಲಿ ಲೇಪ ಸವೆದೇ ಹೋಗಿತ್ತು. ಉಬ್ಬಿದ ಜಾಗಕ್ಕೇ ಸಟ್ಟುಗ ಮೊದಲು ತಾಗುವುದು, ಎಣ್ಣೆ ಮೊದಲು ಬಿಟ್ಟು ಹೋಗುವುದೂ ಅಲ್ಲಿಂದಲೇ. ಡೊಂಕಾದದ್ದೇ ಲೇಪವನ್ನೂ ತಿಂದಿತು ಅಂತ ನನಗೆ ಆಗ ಅರ್ಥವಾಯಿತು. ಅಂಥ ಕಾವಲಿಗೆ ಮದ್ದಿಲ್ಲ. ನಮ್ಮ ಪಕ್ಕದ ಮನೆಯವರು ಮರದ ತುಂಡಿಟ್ಟು ತಟ್ಟಿ ಸಮ ಮಾಡಿದ್ದರು. ತಳ ಸಮ ಆಯಿತು, ಲೇಪ ಬಿರುಕು ಬಿಟ್ಟಿತು.

ಹೊಸ ನಾನ್‌ಸ್ಟಿಕ್ ತರುವಾಗ ಅಂಗಡಿಯಲ್ಲಿ ಎರಡೇ ಸಂಗತಿ ನೋಡಿದೆ. ಸ್ಕೇಲ್ ಅಡ್ಡ ಇಟ್ಟು ತಳ, ಕೈಯಲ್ಲಿ ಎತ್ತಿ ತೂಕ. ಹಳೆಯದಕ್ಕಿಂತ ದಪ್ಪ, 4 ಮಿ.ಮೀ. ಇರುವುದನ್ನು ಆರಿಸಿದೆ. ಬೀಡಿನದನ್ನು ಅಟ್ಟದಿಂದ ಇಳಿಸಿದೆ. ಅತ್ತೆ ಯಾವುದೋ ಮಾರಿಕಾಂಬಾ ಜಾತ್ರೆಯಲ್ಲಿ ತಂದದ್ದಂತೆ, ಪೂರ್ತಿ ತುಕ್ಕು. ಅದನ್ನು ತಿಕ್ಕಿ ತೊಳೆದು, ಒಲೆಯ ಮೇಲೆ ಒಣಗಿಸಿ, ಮನೆಯಲ್ಲಿದ್ದ ತೆಂಗಿನೆಣ್ಣೆ ಹಚ್ಚಿ ಕಾಯಿಸಿದೆ. ನಾನು ಎಡವಿದ್ದು ಇಲ್ಲಿ. ತೆಂಗಿನೆಣ್ಣೆ ಎಷ್ಟು ಕಾಯಿಸಿದರೂ ಗಟ್ಟಿ ಪದರವಾಗಿ ಕೂರಲಿಲ್ಲ, ಜಿಡ್ಡಾಗಿಯೇ ಉಳಿಯಿತು. ಚಳಿಗೆ ಹೆಪ್ಪುಗಟ್ಟುವ ಎಣ್ಣೆಗಳ ಗುಣವೇ ಹಾಗೆ. ಸೂರ್ಯಕಾಂತಿ ಎಣ್ಣೆ ಹಚ್ಚಿ, ಏನೂ ಹಚ್ಚಿಲ್ಲವೇನೋ ಅನ್ನುವಷ್ಟು ಒರೆಸಿ ತೆಗೆದು, ಹೊಗೆ ಬರುವವರೆಗೆ ಕಾಯಿಸಿ ಆರಿಸಿದೆ. ಹೀಗೆ ನಾಲ್ಕು ಸಲ ಮಾಡಿದ ಮೇಲೆ ಕಪ್ಪು ಮಿನುಗು ಬಂತು.

ಒಂದು ಭಾನುವಾರ ಒಂದೇ ತೆಳ್ಳೇವಿನ ಹಿಟ್ಟು, ಪ್ರತಿ ಕಾವಲಿಯಲ್ಲಿ ಹತ್ತು ದೋಸೆ.

ಹಳೆಯದರಲ್ಲಿ ಹತ್ತರಲ್ಲಿ ಆರು ನಡುವೆ ಹರಿದವು. ಅಷ್ಟು ಸಾಕು.

ಹೊಸ ನಾನ್‌ಸ್ಟಿಕ್ ಮೂರು ನಿಮಿಷದಲ್ಲಿ ಕಾಯಿತು. ಮೊದಲ ದೋಸೆಯೇ ಪೂರ್ತಿ ಎದ್ದು ಬಂತು, ಎಣ್ಣೆ ಹನಿಯಷ್ಟು ಸಾಕಾಯಿತು. ಶಾಖ ಅಂಚಿನವರೆಗೂ ಹೋಯಿತು, ಏಕೆಂದರೆ ಅಲ್ಯೂಮಿನಿಯಂ ಶಾಖವನ್ನು ಬೀಡಿಗಿಂತ ನಾಲ್ಕೈದು ಪಟ್ಟು ಚೆನ್ನಾಗಿ ಹರಡುತ್ತದೆ. ಆದರೆ ಕಾವಲಿ ಜಾಸ್ತಿ ಕಾದಿದ್ದಾಗ ಹಿಟ್ಟು ಹಿಡಿದು ನಿಲ್ಲದೆ ಸೌಟಿನ ಜೊತೆಗೇ ಮುದ್ದೆಯಾಗಿ ಬಂತು. ಉರಿ ಪೂರ್ತಿ ಸಣ್ಣ ಮಾಡಿ, ಒದ್ದೆ ಬಟ್ಟೆ ಹಿಂಡಿ ಒರೆಸಿ, ಆಮೇಲೆ ಎರೆದರೆ ಸರಿಯಾಯಿತು. ನೀರು ಚಿಮುಕಿಸಲಿಲ್ಲ. ದೋಸೆ ಮೆತ್ತಗೆ, ಒಂದೇ ಬಣ್ಣ. ಗರಿಗರಿ ಮಾತ್ರ ಕಡಿಮೆ.

ಬೀಡಿನದು ಸಣ್ಣ ಉರಿಯಲ್ಲಿ ಕಾಯಲು ಹತ್ತು ನಿಮಿಷ ತೆಗೆದುಕೊಂಡಿತು. ಅವಸರ ಮಾಡಿ ಉರಿ ಏರಿಸಿದರೆ ನಡು ಮಾತ್ರ ಕಾದು ಅಂಚು ತಣ್ಣಗೇ ಇರುತ್ತದೆ. ಬೀಡು ಶಾಖವನ್ನು ನಿಧಾನ ಹರಡುವುದರಿಂದ ಈ ವಿಷಯದಲ್ಲಿ ನಾನ್‌ಸ್ಟಿಕ್ಕೇ ಮೇಲು. ಮೊದಲ ಎರಡು ದೋಸೆ ಹಿಡಿದುಕೊಂಡವು. ಬದನೆಕಾಯಿ ತೊಟ್ಟಿನಿಂದ ಎಣ್ಣೆ ಸವರಿ, ನೀರು ಚಿಮುಕಿಸಿ ಎರೆದ ಮೂರನೆಯದು ಎದ್ದಿತು. ಅಲ್ಲಿಂದ ಮುಂದಿನ ಏಳನ್ನು ನಾನು ಮರೆಯಲಾರೆ. ಸಣ್ಣ ಸಣ್ಣ ತೂತು, ಅಂಚು ಗರಿಗರಿ, ಆ ಘಮ. 5 ಮಿ.ಮೀ. ಬೀಡು 4 ಮಿ.ಮೀ. ಅಲ್ಯೂಮಿನಿಯಂಗಿಂತ ಒಂದೂವರೆ ಪಟ್ಟಿಗೂ ಜಾಸ್ತಿ ಬಿಸಿ ತುಂಬಿಟ್ಟುಕೊಳ್ಳುತ್ತದೆ. ತಣ್ಣಗಿನ ಹಿಟ್ಟು ಬಿದ್ದರೂ ಕಾವು ಕುಸಿಯುವುದಿಲ್ಲ.

ಆದರೆ ಮರುದಿನ ಬೆಲ್ಲ ಹಾಕಿದ ಸಿಹಿ ಸೌತೆಕಾಯಿ ದೋಸೆ ಎರೆದಾಗ ಲೆಕ್ಕ ತಿರುವುಮುರುವಾಯಿತು. ಬೆಲ್ಲ ಬೀಡಿನ ಮೇಲೆ ಪಾಕವಾಗಿ ಹಿಡಿದುಕೊಂಡಿತು, ಕೆರೆಯುವಾಗ ನಾನು ಕೂರಿಸಿದ್ದ ಕಪ್ಪು ಪದರವೂ ಒಂದಿಷ್ಟು ಕಿತ್ತು ಬಂತು. ಹೊಸ ನಾನ್‌ಸ್ಟಿಕ್‌ನಲ್ಲಿ ಅದೇ ಹಿಟ್ಟು ಸಣ್ಣ ಉರಿಯಲ್ಲಿ ಹೊಂಬಣ್ಣಕ್ಕೆ ಬಂದು ತಾನಾಗಿ ಜಾರಿತು.

ಹಾಗಾಗಿ ಖಾರದ, ಸಪ್ಪೆಯ ತೆಳ್ಳೇವಿಗೂ ಉದ್ದಿನ ದೋಸೆಗೂ ಬೀಡಿನದು, ಸಿಹಿ ಹಾಕಿದ್ದಕ್ಕೆಲ್ಲ ನಾನ್‌ಸ್ಟಿಕ್. ಅತ್ತೆಗೆ ಮಣಿಕಟ್ಟು ನೋವು, ಬೀಡಿನ ಭಾರ ಎತ್ತಲಾಗುವುದಿಲ್ಲ. ಅವರೊಬ್ಬರೇ ಇರುವ ದಿನ ನಾನ್‌ಸ್ಟಿಕ್ಕೇ ಒಲೆಯ ಮೇಲೆ ಇರುತ್ತದೆ. ಅದಕ್ಕೆ ಮರದ ಸಟ್ಟುಗ ಮಾತ್ರ. ಖಾಲಿ ಇಟ್ಟು ದೊಡ್ಡ ಉರಿ ಮಾಡುವುದಿಲ್ಲ, ಏಕೆಂದರೆ 260 ಡಿಗ್ರಿ ದಾಟಿದರೆ ಲೇಪ ಕೆಡಲು ಶುರುವಾಗುತ್ತದೆ, ದೋಸೆಗೆ 200ರ ಆಸುಪಾಸು ಸಾಕು. ಕೆಲಸ ಮುಗಿದ ಮೇಲೆ ತಾನಾಗಿ ಆರಿದ ನಂತರವೇ ನಲ್ಲಿಯ ಕೆಳಗೆ. ಬೀಡಿನದನ್ನು ಮಳೆಗಾಲ ಮುಗಿಯುವವರೆಗೆ ಅಟ್ಟಕ್ಕೆ ಏರಿಸುವುದಿಲ್ಲ. ತೊಳೆದು, ಉರಿಯ ಮೇಲೆ ಎರಡು ನಿಮಿಷ ಒಣಗಿಸಿ, ಎಣ್ಣೆ ಬಟ್ಟೆಯಲ್ಲಿ ಒರೆಸಿ ಒಲೆಯ ಪಕ್ಕದಲ್ಲೇ ಇಡುತ್ತೇನೆ. ಇಲ್ಲಿನ ತಂಪಿಗೆ ಒಂದು ರಾತ್ರಿ ಒದ್ದೆ ಬಿಟ್ಟರೂ ಬೆಳಿಗ್ಗೆ ಕೆಂಪು ಚುಕ್ಕೆ ಬಂದಿರುತ್ತದೆ.

ಹೊಸ ಕಾವಲಿಯ ತಳಕ್ಕೆ ತಿಂಗಳಿಗೊಮ್ಮೆ ಸ್ಕೇಲ್ ಇಟ್ಟು ನೋಡುತ್ತಿದ್ದೇನೆ. ಮೂರು ತಿಂಗಳಾಯಿತು, ಇನ್ನೂ ಒಂದು ಕಾರ್ಡೂ ನುಗ್ಗುತ್ತಿಲ್ಲ.